ಕಾಲು ಸೂಪಿನ ಚರಟ

ನನ್ನ ಅತ್ತೆಗೂ ನನಗೂ ಮದುವೆಯ ಮರುದಿನದಿಂದಲೇ ಆಗಿಬರಲಿಲ್ಲ. ಇದನ್ನು ಮುಚ್ಚಿಡುವ ವಯಸ್ಸು ನನಗೆ ದಾಟಿದೆ. ಅವರು ಹೋಗಿ ಎಷ್ಟೋ ವರ್ಷಗಳಾದವು. ಹೋದವರ ಬಗ್ಗೆ ಒಳ್ಳೆಯದನ್ನೇ ಬರೆಯಬೇಕು ಎನ್ನುವವರು ಇದನ್ನು ಇಲ್ಲಿಗೇ ಮಡಚಿಟ್ಟು ಬೇರೆ ಏನಾದರೂ ಓದಿಕೊಳ್ಳಲಿ. ನಾನು ನನ್ನ ಬಗ್ಗೆಯೂ ಒಳ್ಳೆಯದನ್ನು ಬರೆಯುವವಳಿಲ್ಲ.

ನಾವಿದ್ದದ್ದು ದಾಂಡೇಲಿಯಲ್ಲಿ, ಎರಡು ಕೋಣೆಯ ಬಾಡಿಗೆ ಮನೆಯಲ್ಲಿ. ಅತ್ತೆ, ಅವರ ಒಬ್ಬನೇ ಮಗನಾದ ನನ್ನ ಗಂಡ, ನಾನು, ಮೂರೇ ಜನ. ಗಂಡ ಕಾಗದದ ಕಾರ್ಖಾನೆಯಲ್ಲಿ ಪಾಳಿಯ ಕೆಲಸಕ್ಕೆ ಹೋಗುತ್ತಿದ್ದರು. ಧಾರವಾಡದ ಕಡೆಯ ಹಳ್ಳಿಯಿಂದ ಅತ್ತೆ ಮಗನ ಹಿಂದೆ ಬಂದವರು, ಬರುವಾಗ ಹಳ್ಳಿಯ ಎಲ್ಲ ಕಟ್ಟುಕಟ್ಟಳೆಗಳನ್ನೂ ಗಂಟು ಕಟ್ಟಿ ತಂದಿದ್ದರು. ಅದರಲ್ಲಿ ಮಟನ್ನಿನ ಕಟ್ಟಳೆಯೂ ಒಂದು.

ರವಿವಾರ ಮಟನ್ ತಂದರೆ ಯಾರಿಗೆ ಯಾವ ತುಂಡು ಎಂಬುದು ಒಲೆ ಹೊತ್ತಿಸುವ ಮೊದಲೇ ತೀರ್ಮಾನವಾಗಿರುತ್ತಿತ್ತು. ತೊಡೆಯ ನಳಿ ಎಲುಬು, ಅಂದರೆ ಒಳಗೆ ಮಜ್ಜೆ ತುಂಬಿದ ಉದ್ದ ಎಲುಬು, ಮನೆಯ ಗಂಡಸಿಗೆ. ಪಕ್ಕೆಲುಬು ಹಿರಿಯರಿಗೆ, ಅಂದರೆ ಅವರಿಗೇ. ಕುತ್ತಿಗೆಯ ತುಂಡುಗಳಲ್ಲಿ ಮೆತ್ತಗಿದ್ದವು ಮತ್ತೆ ಗಂಡಸಿಗೆ. ಸೊಸೆ ಕೊನೆಗೆ ಉಂಡು, ಪಾತ್ರೆಯನ್ನು ರೊಟ್ಟಿಯಿಂದ ಒರೆಸಿಕೊಳ್ಳಬೇಕು. ರಸ ಮಾತ್ರ ಬೇಕಾದಷ್ಟು. ಎಲುಬಿನ ಸಮೇತ ಬೇಯಿಸಿದ್ದರಿಂದ ಆ ರಸಕ್ಕೆ ರುಚಿ ಇರುತ್ತಿತ್ತು, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಗಂಡ ನಳಿಯನ್ನು ತಾಟಿಗೆ ಟಕ್ ಟಕ್ ಬಡಿದು, ಒಳಗಿನ ಮಜ್ಜೆ ಜಾರಿ ಬಿದ್ದಾಗ ಅದನ್ನು ರೊಟ್ಟಿಯ ಚೂರಿನಲ್ಲಿ ಎತ್ತಿಕೊಳ್ಳುವುದನ್ನು ನೋಡುತ್ತ ಬರೀ ರಸ ಉಣ್ಣುವುದು ಹೇಗಿರುತ್ತದೆ ಎಂದು ಉಂಡವರಿಗಷ್ಟೇ ಗೊತ್ತು. ಮುಂಡಗೋಡದ ನನ್ನ ತವರಿನಲ್ಲಿ ಇಂಥ ಲೆಕ್ಕಾಚಾರ ಇರಲಿಲ್ಲ. ಅಲ್ಲಿ ಹಸಿದವರು ಮೊದಲು ಉಣ್ಣುತ್ತಿದ್ದರು. ನಾಲ್ಕು ವರ್ಷ ನಾನು ಹಸಿದೇ ಇದ್ದೆ. ಗಂಡ ಒಳ್ಳೆಯವರೇ, ಆದರೆ ಅವ್ವನ ಎದುರಿಗೆ ಅವರ ಬಾಯಿ ಉಣ್ಣಲಿಕ್ಕಷ್ಟೇ ತೆರೆಯುತ್ತಿತ್ತು.

ಸೂಪಾ ಅಣೆಕಟ್ಟಿನ ಕೆಲಸ ಜೋರಾಗಿದ್ದ ವರ್ಷಗಳು ಅವು. ಒಂದು ಸಂಜೆ ಗಂಡ ಸಾಂಬ್ರಾಣಿ ಎಂಬ ಊರಿನ ಗೆಳೆಯನ ಹೊಲಕ್ಕೆ ಹೋಗಿ ಮರಳುವಾಗ, ಇಳಿಜಾರಿನಲ್ಲಿ ಸೈಕಲ್ಲಿನ ಬ್ರೇಕು ಹತ್ತದೆ, ಎದುರಿಗೆ ಬರುತ್ತಿದ್ದ ಎತ್ತಿನ ಬಂಡಿಗೆ ಬಡಿದು ಬಿದ್ದರು. ಗಾಲಿ ಕಾಲಿನ ಮೇಲೆ ಹಾಯಿತು. ಮೊಣಕಾಲಿನ ಕೆಳಗಿನ ಎಲುಬು ಮುರಿದು ತೊಗಲು ಹರಿದು ಹೊರಗೆ ಇಣುಕಿತ್ತು. ಧಾರವಾಡಕ್ಕೆ ಒಯ್ದು ಪ್ಲಾಸ್ಟರ್ ಹಾಕಿಸಿದೆವು. ಗಾಯ ತೊಳೆಯಲು ಅನುಕೂಲವಾಗಲಿ ಎಂದು ಪ್ಲಾಸ್ಟರಿನಲ್ಲಿ ಅಂಗೈಯಗಲದ ಒಂದು ಕಿಟಕಿ ಕೊರೆದಿದ್ದರು. ಎರಡು ವಾರ ಅಲ್ಲಿ ಇಟ್ಟುಕೊಂಡು ಮನೆಗೆ ಕಳಿಸಿದರು. ಮೂರು ದಿನಕ್ಕೊಮ್ಮೆ ಬಂದು ಗಾಯ ತೊಳೆದು ಪಟ್ಟಿ ಕಟ್ಟಲು ನಮ್ಮ ಓಣಿಯ ಆಚೆ ಇದ್ದ ನರ್ಸಬಾಯಿ ಒಪ್ಪಿಕೊಂಡರು. ಎಲುಬು ಕೂಡಬೇಕು, ಅದಕ್ಕಿಂತ ಮೊದಲು ಗಾಯ ಮುಚ್ಚಬೇಕು, ಮುಚ್ಚದೆ ಕೀವು ಎಲುಬಿಗೆ ಇಳಿದರೆ ಕಾಲು ಉಳಿಯುವುದು ಕಷ್ಟ ಎಂದು ಡಾಕ್ಟರು ಹೇಳಿ ಕಳಿಸಿದ್ದರು. ಒಂದೇ ಕಾಲಿನ ಮನುಷ್ಯನಿಗೆ ಪಾಳಿಯ ಕೆಲಸ ಯಾರು ಕೊಡುತ್ತಾರೆ?

ಇಲ್ಲಿಂದ ಅತ್ತೆಯ ರಾಜ್ಯಭಾರ ಶುರುವಾಯಿತು.

"ಎಲುಬ ಮುರದರ ಎಲುಬ ಕೊಡಬೇಕು. ದಿನಾ ಮೂರ ಹೊತ್ತ ಕಾಲ ಸೂಪು. ಅದು ಬಿಟ್ರ ಗಂಜಿ. ಬ್ಯಾರೆ ಏನೂ ಕೊಡೂ ಹಂಗಿಲ್ಲ."

"ಒಂದ ತತ್ತಿ ಕುದಿಸಿ ಕೊಡ್ಲೇನ್ರಿ ಅತ್ತೀ?" ಎಂದೆ.

"ತತ್ತಿ ನಂಜು. ಬ್ಯಾಳಿ ನಂಜು. ಖಂಡ ಅಂತೂ ಭಾಳ ನಂಜು, ಗಾಯ ಕೀವ ಹಿಡಿತೈತಿ. ನಿಮ್ಮ ಮುಂಡಗೋಡದಾಗ ಇದನ್ನೂ ಕಲಿಸಿಲ್ಲೇನು?"

ಸೂಪಿಗೆ ಆಡಿನ ಕಾಲು ಸಿಗುವುದೂ ಸುಲಭವಿರಲಿಲ್ಲ. ಗಣೇಶಗುಡಿಯಿಂದ ಅಣೆಕಟ್ಟಿನ ಕೆಲಸದವರು ಬಂದು ಅಂಗಡಿಯನ್ನೇ ಖಾಲಿ ಮಾಡಿಕೊಂಡು ಹೋಗುತ್ತಿದ್ದರು. ಅತ್ತೆ ಬೆಳಗ್ಗೆ ಅಂಗಡಿಯ ಬಾಗಿಲು ತೆರೆಯುವ ಮೊದಲೇ ಹೋಗಿ ನಿಲ್ಲುತ್ತಿದ್ದರು, ಹಿಂದೆ ಚೀಲ ಹಿಡಿದು ನಾನು. ಅಂಗಡಿಯ ಚಾಚಾ ನಾಲ್ಕು ಕಾಲುಗಳ ಜೊತೆಗೆ ಖಂಡ ಹತ್ತಿದ ಒಂದು ನಳಿಯನ್ನೂ ಹಾಕುತ್ತಿದ್ದ. "ನಳಿ ಸೀಳಿ ಕೊಡ್ಲೇನು?" ಎಂದು ಕೇಳಿದರೆ ಅತ್ತೆ ಪ್ರತಿ ದಿನವೂ ಅವನೊಂದಿಗೆ ಜಗಳ ಕಾಯುತ್ತಿದ್ದರು. ಸೀಳಿದರೆ ಮಜ್ಜೆ ಕರಗಿ ಸೂಪೆಲ್ಲ ಜಿಡ್ಡಾಗುತ್ತದಂತೆ, ಎರಡು ತುದಿ ಕತ್ತರಿಸಿದರೆ ಸಾಕಂತೆ. ಮೂವತ್ತು ವರ್ಷ ಕತ್ತಿ ಹಿಡಿದವನಿಗೆ ಕಸುಬು ಕಲಿಸುವ ಹೆಂಗಸು ಅವರೊಬ್ಬರೇ ಇರಬೇಕು.

ಮನೆಗೆ ತಂದ ಮೇಲಿನ ಕೆಲಸ ನನ್ನದು. ಕಾಲುಗಳನ್ನು ಕೆಂಡದ ಮೇಲೆ ತಿರುವಿ ತಿರುವಿ ಕೂದಲು ಸುಡಬೇಕು. ಬಿಸಿಗೆ ಗೊರಸು ಸಡಿಲಾಗುತ್ತದೆ, ಆಗ ಬಡಿದು ಕಿತ್ತು ತೆಗೆಯಬೇಕು. ಕರಕಲನ್ನು ಚಾಕುವಿನಿಂದ ಹೆರೆದು, ಅರಿಶಿನ ಹಚ್ಚಿ ತಿಕ್ಕಿ, ಬೆರಳ ಸಂದುಗಳನ್ನು ತೊಳೆಯಬೇಕು. ಅಲ್ಲಿ ಒಂದು ಕೂದಲು ಉಳಿದರೂ ನನ್ನ ತವರಿನ ಮೂರು ತಲೆಮಾರು ಅತ್ತೆಯ ಬಾಯಿಗೆ ಬೀಳುತ್ತಿತ್ತು. ಮೊದಲ ಕುದಿಗೆ ಬರುವ ಬೂದು ಬಣ್ಣದ ನೊರೆಯನ್ನು ತೆಗೆದು ಚೆಲ್ಲಿ, ಬೆಳ್ಳುಳ್ಳಿ, ಶುಂಠಿ, ಕುಟ್ಟಿದ ಮೆಣಸು ಹಾಕಿ ಹೊಟ್ಟಿನ ಒಲೆಯ ಮೇಲೆ ಇಡುತ್ತಿದ್ದೆ. ಕಟ್ಟಿಗೆ ಕೊಯ್ಯುವ ಅಡ್ಡೆಗಳಿಂದ ಬರುವ ಮರದ ಹೊಟ್ಟನ್ನು, ನಡುವೆ ಒಂದು ಬಾಟಲಿ ನಿಲ್ಲಿಸಿ, ಡಬ್ಬಿಯಲ್ಲಿ ಒತ್ತಿ ತುಂಬಿ, ಬಾಟಲಿ ಎಳೆದು ತೆಗೆದು ಹೊತ್ತಿಸಿದರೆ ಆ ಒಲೆ ನಾಲ್ಕೈದು ತಾಸು ಸಣ್ಣಗೆ ಉರಿಯುತ್ತದೆ. ಕಾಲಿನ ನರ, ತೊಗಲು, ಕೀಲುಗಳು ಮೆತ್ತಗಾಗಲು ಅಷ್ಟೇ ಹೊತ್ತು ಬೇಕು. ಅವಸರದ ಉರಿಯಲ್ಲಿ ಅವು ರಬ್ಬರಿನ ಹಾಗೆ ಉಳಿಯುತ್ತವೆ.

ಕುದ್ದ ಮೇಲೆ ಅತ್ತೆಯೇ ಬಂದು ಕೂತು ಸೋಸುತ್ತಿದ್ದರು. ಅರಿವೆ ಕಟ್ಟಿ, ನೀರಷ್ಟನ್ನೂ ಇಳಿಸಿಕೊಂಡು, ಆರಿದ ಮೇಲೆ ಮೇಲೆ ಕಟ್ಟಿದ ಕೊಬ್ಬನ್ನು ಚಮಚೆಯಿಂದ ಒಂದು ಚೂರೂ ಬಿಡದೆ ತೆಗೆಯುತ್ತಿದ್ದರು, ಜಿಡ್ಡೂ ನಂಜಂತೆ. ಉಳಿದ ತಿಳಿಯನ್ನು ಬಿಸಿ ಮಾಡಿ ಮಗನಿಗೆ ಕುಡಿಸುತ್ತಿದ್ದರು. ಅರಿವೆಯಲ್ಲಿ ಉಳಿದದ್ದನ್ನು, ಅಂದರೆ ಬೆಂದ ಖಂಡ, ನರ, ತೊಗಲು, ಮಜ್ಜೆ ಇನ್ನೂ ಒಳಗೇ ಇದ್ದ ನಳಿ ಎಲುಬು, ಜೊತೆಗೆ ಆ ಕೊಬ್ಬು, ಎಲ್ಲವನ್ನೂ ನನ್ನ ತಾಟಿಗೆ ಸುರಿಯುತ್ತಿದ್ದರು.

"ಸತ್ವ ಎಲ್ಲ ನೀರಿಗೆ ಇಳದೈತಿ. ಈ ಚರಟ ನೀ ತಿನ್ನು, ಚೆಲ್ಲಬ್ಯಾಡ."

"ನೀವೂ ತಿನ್ರಿ ಅತ್ತೀ."

"ಮಗ ಎದ್ದ ನಿಂದ್ರೂತನಕಾ ಖಂಡ ಮುಟ್ಟೂದಿಲ್ಲಂತ ದೇವರಿಗೆ ಹೇಳೇನಿ. ಚರಟ ಆದ್ರೂ ಖಂಡನ. ನೀ ತಿನ್ನು."

ಅವಮಾನ ಮಾಡಲೆಂದೇ ಕೊಟ್ಟದ್ದು, ನನಗೆ ಗೊತ್ತಿತ್ತು. ಆದರೆ ನಾಲ್ಕು ವರ್ಷದಲ್ಲಿ ಮೊದಲ ಸಲ ನಳಿ ನನ್ನ ತಾಟಿನಲ್ಲಿತ್ತು. ನಾನೂ ಟಕ್ ಟಕ್ ಬಡಿದೆ. ಮಜ್ಜೆ ಜಾರಿ ಬಿತ್ತು. ಉಪ್ಪು ಉದುರಿಸಿ, ಬಿಸಿ ರೊಟ್ಟಿಗೆ ಸವರಿ ತಿಂದೆ. ಮರುದಿನ ಖಂಡಕ್ಕೆ ಒಣಕೊಬ್ಬರಿ, ಈರುಳ್ಳಿ ಸುಟ್ಟು ಅರೆದು ಹಾಕಿ, ಆ ಕೊಬ್ಬಿನಲ್ಲೇ ಒಗ್ಗರಣೆ ಕೊಟ್ಟು ಗಟ್ಟಿ ರಸ್ಸಾ ಮಾಡಿಕೊಂಡೆ. ಅತ್ತೆ ಮೂಗು ಮುರಿದರು, ಬೇಡ ಎನ್ನಲಿಲ್ಲ. ಚರಟಕ್ಕೆ ಏನು ಮಾಡಿದರೇನು ಎಂದುಕೊಂಡಿರಬೇಕು.

ಮೂರು ವಾರ ಹೀಗೇ ನಡೆಯಿತು. ನನ್ನ ಗಲ್ಲ ತುಂಬಿದವು. ಹಿಮ್ಮಡಿ ಒಡೆದದ್ದು ಕೂಡಿತು. ಮಧ್ಯಾಹ್ನ ಕಣ್ಣು ಕತ್ತಲೆ ಬರುವುದು ನಿಂತಿತು. ಬಳೆ ಬಿಗಿಯಾಗಿ ಕೈಗೆ ಗುರುತು ಬೀಳತೊಡಗಿತು. ಅತ್ತ ಗೋಡೆಯ ಪಕ್ಕದ ಹೊರಸಿನ ಮೇಲೆ ಮಲಗಿದಲ್ಲೇ ಗಂಡ ಸೊರಗುತ್ತಿದ್ದರು. ತೋಳಿನ ಮಾಂಸ ಇಳಿದು ಅಂಗಿ ಜೋತಾಡುತ್ತಿತ್ತು. ಒಳ್ಳೆಯ ಕಾಲಿನ ಪಾದ ಬಾತು, ಒತ್ತಿದರೆ ಬೆರಳಿನ ಗುಂಡಿ ಹಾಗೇ ಉಳಿಯುತ್ತಿತ್ತು. ಗಾಯ ಕೆಂಪಗೆ ಚಿಗುರುವ ಬದಲು ಬೆಳ್ಳಗೆ, ನೀರಾಡುತ್ತ ಇತ್ತು.

ಅತ್ತೆ ನನ್ನನ್ನೂ ನೋಡುತ್ತಿದ್ದರು, ಮಗನನ್ನೂ ನೋಡುತ್ತಿದ್ದರು. ಕೊನೆಗೆ ಅವರ ತಲೆಗೆ ಹೊಳೆದದ್ದು ಒಂದೇ.

"ನನ್ನ ಮಗನ ಸೂಪು ನೀ ಕದ್ದ ಕುಡಿತಿ. ಬಳಿ ನೋಡು, ಹೆಂಗ ಕಚ್ಚಿಕೊಂಡಾವು. ಗಂಡ ಕರಗಾಕತ್ತಾನ, ಇಕಿ ಉಬ್ಬಾಕತ್ತಾಳ!"

"ನಾ ಯಾಕ ಕದೀಲಿ? ನೀವ ಸೋಸತೀರಿ, ನೀವ ಕುಡಸತೀರಿ."

ಮರುದಿನದಿಂದ ಸೂಪಿನ ಪಾತ್ರೆಗೆ ಕಣ್ಗಾವಲು ಬಿತ್ತು. ನಾನು ಒಲೆಯ ಕಡೆಗೆ ಹೋದರೆ ಅವರೂ ಎದ್ದು ಬರುತ್ತಿದ್ದರು. ಒಳಗೊಳಗೆ ನಗು ಬರುತ್ತಿತ್ತು ನನಗೆ. ಅವರು ಕಾವಲು ಕಾಯುತ್ತಿದ್ದದ್ದು ಬರೀ ನೀರನ್ನು, ಊಟ ದಿನವೂ ಅವರ ಕೈಯಿಂದಲೇ ನನ್ನ ತಾಟಿಗೆ ಬರುತ್ತಿತ್ತು.

ಇಲ್ಲಿ ಹೇಳಲೇಬೇಕಾದ ಮಾತೊಂದಿದೆ. ಆ ಕಣ್ಗಾವಲಿಗೆ ಸ್ವಲ್ಪ ಮೊದಲು, ಅತ್ತೆ ನಳಕ್ಕೆ ನೀರಿಗೆ ಹೋದಾಗ, ನನ್ನ ತಾಟಿನ ಎರಡು ತುಂಡು ಖಂಡವನ್ನು ಗಂಡನಿಗೆ ಕೊಟ್ಟಿದ್ದೆ. ಅವರು ಬಾಗಿಲು ನೋಡುತ್ತ ಗಬಗಬ ತಿಂದರು. "ಇನ್ನೊಂದ ಐತೇನ?" ಎಂದು ಕೇಳಿದರು. ಮೂರು ದಿನ ಹೆದರಿಕೊಂಡು ನೋಡಿದೆ. ಗಾಯ ಕೀವು ಹಿಡಿಯಲಿಲ್ಲ, ಏನೂ ಆಗಲಿಲ್ಲ. ಖಂಡ ನಂಜಲ್ಲ ಎಂದು ಆ ದಿನವೇ ನನಗೆ ತಿಳಿಯಿತು. ಆದರೂ ಎರಡನೆಯ ಸಲ ಕೊಡಲಿಲ್ಲ. ಅತ್ತೆಯ ಹೆದರಿಕೆ ಇತ್ತು ಎಂದು ಹೇಳಿಕೊಳ್ಳಬಹುದು. ಅದು ಅರ್ಧ ಸುಳ್ಳು. ತಾಟು ನನ್ನದಾಗಿತ್ತು. ಅದನ್ನು ಹಂಚಿಕೊಳ್ಳಲು ನನಗೆ ಮನಸ್ಸು ಬರಲಿಲ್ಲ. "ಇನ್ನೊಂದ ಐತೇನ" ಎಂದ ಮನುಷ್ಯನಿಗೆ "ಇಲ್ರಿ, ಮುಗೀತು" ಎಂದೆ, ಪಾತ್ರೆಯಲ್ಲಿ ಇನ್ನೂ ಐದು ತುಂಡು ಇದ್ದವು.

ನಾಲ್ಕನೆಯ ವಾರ ನರ್ಸಬಾಯಿ ಪಟ್ಟಿ ಬಿಚ್ಚಿದವರು ಬಹಳ ಹೊತ್ತು ಗಾಯ ನೋಡಿದರು. ಕಣ್ಣಿನ ರೆಪ್ಪೆ ಎಳೆದು ನೋಡಿದರು. ಬಾತ ಪಾದ ಒತ್ತಿದರು. ಆಮೇಲೆ ಸಿಡುಕಿನಿಂದ ಕೇಳಿದರು:

"ಇವರಿಗೆ ಊಟಕ್ಕ ಏನ್ ಕೊಡಾಕತ್ತೀರಿ?"

ಅತ್ತೆ ಎದೆಯುಬ್ಬಿಸಿ ಹೇಳಿದರು. ಮೂರು ಹೊತ್ತಿನ ಸೂಪು, ಚಾಚಾನ ಅಂಗಡಿ, ಐದು ತಾಸಿನ ಉರಿ, ಅರಿವೆಯ ಸೋಸುವಿಕೆ, ಏನನ್ನೂ ಬಿಡಲಿಲ್ಲ. ಸಾಕ್ಷಿಗೆಂದು ಬೆಳಗಿನ ಲೋಟವನ್ನೂ ತಂದು ತೋರಿಸಿದರು. ಆರಿದ ಸೂಪು ಗಟ್ಟಿಯಾಗಿ, ಲೋಟ ಓರೆ ಮಾಡಿದರೂ ಬೀಳದೆ ನಡುಗುತ್ತಿತ್ತು.

"ನೋಡ್ರಿ, ಎಲುಬಿನ ಸತ್ವ! ಹೆಂಗ ಕೂಡೈತಿ! ಹಿಂಗ ಎಲುಬೂ ಕೂಡತೈತಿ."

"ಅದು ಸತ್ವ ಅಲ್ರಿ ಅಜ್ಜಿ, ಅಂಟು," ಎಂದರು ನರ್ಸಬಾಯಿ. "ತೊಗಲು, ನರ ಕುದ್ದು ಬಿಟ್ಟ ಅಂಟು. ಬಡಿಗ್ಯಾರ ಕಟ್ಟಿಗಿಗೆ ಹಚ್ಚೂದೂ ಇಂಥದ್ದ. ಕೆಟ್ಟದ್ದೇನಲ್ಲ, ಬಾಯಿ ಕೆಟ್ಟವರಿಗೆ ಇದು ಕುಡದರ ಹಸಿವಿ ಆಗತೈತಿ, ಸ್ವಲ್ಪ ಬಲಾನೂ ಐತಿ. ಆದ್ರ ಇದೊಂದನ್ನ ಕುಡದು ಗಾಯ ತುಂಬೂದಿಲ್ಲ. ಎಲುಬಿನ ಸುಣ್ಣ ನೀರಿಗೆ ಬಂದಿರತೈತಿ ಅಂತ ತಿಳಕೊಂಡೀರಿ. ಬರೂದಿಲ್ಲ. ನೀವು ಎರಡ ದಿನ ಕುದಿಸಿದ್ರೂ ಅದು ಎಲುಬಿನ್ಯಾಗ ಕುಂತಿರತೈತಿ. ಸುಣ್ಣ ಬೇಕಂದ್ರ ಹಾಲು ಕೊಡ್ರಿ, ರಾಗಿ ಕೊಡ್ರಿ, ಮುಳ್ಳಿನ ಸಮೇತ ಸಣ್ಣ ಮೀನ ಕೊಡ್ರಿ. ಗಾಯಕ್ಕ ಖಂಡ ಬೇಕು, ತತ್ತಿ ಬೇಕು, ಬ್ಯಾಳಿ ಬೇಕು. ಮತ್ತ ಕೊಬ್ಬ್ಯಾಕ ತಗದೀರಿ? ಮೈಯಾಗ ಕಸುವಿಲ್ಲದವಗ ಆ ನಳಿ ಒಳಗಿಂದು, ಈ ಕೊಬ್ಬು, ಅದ ಕಸುವು."

"ಖಂಡ ನಂಜು," ಎಂದರು ಅತ್ತೆ. ದನಿ ಇಳಿದಿತ್ತು.

"ಸೋಸಿದ ಖಂಡ ಏನ್ ಮಾಡತೀರಿ?"

ಅತ್ತೆ ಗದ್ದ ಎತ್ತಿ ನನ್ನ ಕಡೆ ತೋರಿಸಿದರು. ನರ್ಸಬಾಯಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ಹಂಗಾರ ಅಜ್ಜಿ, ಸೊಸಿನ್ನ ಭಾಳ ಚೊಲೋ ಸಾಕೀರಿ. ಮಗನ್ನ ಉಪವಾಸ ಕೆಡವೀರಿ. ಇನ್ನೂ ನಾಲ್ಕ ವಾರ ಹಿಂಗ ನಡದರ ಕಾಲ ಉಳಿಯೂದಿಲ್ಲ, ನಾ ಹೇಳಾಕತ್ತೇನಿ."

ಹೊರಸಿನ ಮೇಲಿಂದ ಗಂಡ ನನ್ನನ್ನೇ ನೋಡುತ್ತಿದ್ದರು. "ಮುಗೀತು" ಎಂದ ನನ್ನ ಮಾತು ಅವರಿಗೆ ನೆನಪಾಗಿತ್ತು ಎಂದು ಅವರ ಮುಖವೇ ಹೇಳುತ್ತಿತ್ತು. ನಾಚಿಕೆಯಿಂದ ನನ್ನ ಕಿವಿ ಬಿಸಿಯಾದವು.

ಅತ್ತೆಯನ್ನು ಮೆಚ್ಚಬೇಕಾದ ಒಂದು ವಿಷಯವೆಂದರೆ ತಪ್ಪು ತಿಳಿದ ಮೇಲೆ ಅವರು ಹಟ ಹಿಡಿಯಲಿಲ್ಲ. ಆ ಮಧ್ಯಾಹ್ನವೇ ತಾಟುಗಳು ಅದಲುಬದಲಾದವು. ಖಂಡವನ್ನು ಎಲುಬಿನಿಂದ ಬಿಡಿಸಿ, ಅನ್ನದಲ್ಲಿ ಕಲೆಸಿ, ತಾವೇ ಮಗನಿಗೆ ತಿನ್ನಿಸಿದರು. ನಳಿಯನ್ನು ತಾವೇ ಬಡಿದು ಮಜ್ಜೆಯನ್ನು ಅವರ ಬಾಯಿಗೆ ಇಟ್ಟರು. ಆಮೇಲೆ ಸೋಸಿದ ತಿಳಿ ನೀರನ್ನು ಲೋಟ ತುಂಬಾ ತಂದು ನನ್ನ ಮುಂದೆ ಕುಕ್ಕಿದರು.

"ಇನ್ನ ಸತ್ವ ನೀ ಕುಡಿ."

ಕುಡಿದೆ. ಮರುದಿನವೂ ಕುಡಿದೆ. ರೊಟ್ಟಿ, ಖಾರ, ಜೊತೆಗೆ ಆ ನೀರು. ಕೋಪ ಮಾಡಿಕೊಳ್ಳಲು ನನಗೆ ಮುಖ ಉಳಿದಿರಲಿಲ್ಲ.

ಬೆಳಗ್ಗೆ ಎರಡು ತತ್ತಿ, ಮಧ್ಯಾಹ್ನ ಬೇಳೆ, ಸಂಜೆ ಖಂಡ, ಮಲಗುವಾಗ ಹಾಲು, ಹೀಗೆ ನಡೆದು ಎರಡು ವಾರದೊಳಗೆ ಪಾದದ ಬಾವು ಇಳಿಯಿತು. ಗಾಯದ ಅಂಚಿನಲ್ಲಿ ಕೆಂಪು ಚಿಗುರಿತು. ಒಂದು ತಿಂಗಳಿಗೆ ಪ್ಲಾಸ್ಟರಿನ ಕಿಟಕಿಯಲ್ಲಿ ಹೊಸ ತೊಗಲು ಕಂಡಿತು. ಎಲುಬು ಕೂಡಲು ಇನ್ನೂ ತಿಂಗಳುಗಳು ಹಿಡಿದವು. ಪ್ಲಾಸ್ಟರ್ ಬಿಚ್ಚಿದ ದಿನ ಗಂಡ ಬಾಗಿಲ ಚೌಕಟ್ಟು ಹಿಡಿದು ಎದ್ದು ನಿಂತರು. ಅತ್ತೆ ಗೋಡೆಗೆ ಮುಖ ಮಾಡಿ ಅತ್ತರು. ನಾನು ಒಲೆಯ ಮುಂದೆ ಕೂತು ಕಣ್ಣೀರು ಹಾಕಿದೆ. ಜೊತೆಯಾಗಿ ಅಳುವಷ್ಟು ಸಲಿಗೆ ನಮ್ಮಿಬ್ಬರಲ್ಲಿ ಇರಲಿಲ್ಲ.

ಹರಕೆ ತೀರಿತ್ತು, ಆ ರವಿವಾರ ಅತ್ತೆ ಎಷ್ಟೋ ತಿಂಗಳ ಮೇಲೆ ಮಟನ್ ಉಂಡರು. ಊಟವಾದ ಮೇಲೆ ಹಿತ್ತಲಲ್ಲಿ ನಾನು ಪಾತ್ರೆ ತಿಕ್ಕುತ್ತಿದ್ದೆ. ಅವರು ಬಂದು ಕಲ್ಲಿನ ಮೇಲೆ ಕೂತರು. ಗಂಡ ಒಳಗೆ ಮಲಗಿದ್ದರು. ಬಹಳ ದಿನದಿಂದ ಗಂಟಲಲ್ಲಿ ಇಟ್ಟುಕೊಂಡದ್ದನ್ನು ಅತ್ತೆ ಕೇಳಿದರು.

"ಖಂಡ ನಂಜಲ್ಲಂತ ನಿನಗ ಗೊತ್ತಿತ್ತೇನ? ನನ್ನ ಕಡೆ ನೋಡಿ ಹೇಳು."

ನೋಡಿದೆ. "ಗೊತ್ತಿತ್ರಿ. ಒಂದ ಸಲ ಅವರಿಗೆ ಎರಡ ತುಂಡ ಕೊಟ್ಟಿದ್ದೆ. ಏನೂ ಆಗಲಿಲ್ಲ."

"ಮತ್ತ ಯಾಕ ನಿಲ್ಲಿಸಿದಿ?"

"ನನಗ ಹಸಿವಿತ್ರಿ."

ಬೈಗುಳಕ್ಕೆ ಕಾದು ಕೂತೆ. ಕೈಯಲ್ಲಿದ್ದ ಬೂದಿ ಒಣಗಿತು. ಅವರು ಬೈಯಲಿಲ್ಲ.

"ಹಸಿವಿದ್ರ ಬಾಯಿ ಬಿಟ್ಟ ಕೇಳಬೇಕಿತ್ತು. ನಾಲ್ಕ ವರ್ಷ ಆತು ಈ ಮನಿಗೆ ಬಂದು. ಒಂದ ಸಲ ಕೇಳಿಲ್ಲ ನೀ."

"ಕೇಳಿದ್ರ ಕೊಡ್ತಿದ್ರೇನ್ರಿ?"

ಅತ್ತೆ ನಿಜವಾಗಿಯೂ ಯೋಚಿಸುತ್ತಿದ್ದರು, ಹಣೆಯ ಗೆರೆಯಲ್ಲಿ ಕಾಣುತ್ತಿತ್ತು. ನನ್ನನ್ನು ಸಮಾಧಾನ ಮಾಡಲು ಒಂದು ಸುಳ್ಳು ಹೇಳಬಹುದಿತ್ತು, ಹೇಳಲಿಲ್ಲ.

"ಇಲ್ಲ," ಎಂದರು. "ಕೊಡ್ತಿದ್ದಿಲ್ಲ."

ಎದ್ದು ಸೆರಗು ಝಾಡಿಸಿಕೊಂಡು ಒಳಗೆ ಹೋದರು. ನಾನು ಪಾತ್ರೆ ತಿಕ್ಕಿ ಮುಗಿಸಿದೆ.